ಪ್ರಶ್ನೆಯ ಮಾತಿನಲ್ಲೇ ಟೆಸ್ಟ್ ಇದೆ: ಹೈಪಾಥಿಸಿಸ್ ಲೆಕ್ಕಗಳನ್ನು ಓದುವ ಬಗೆ

ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಕೂತವರನ್ನು ಗಮನಿಸಿ ನೋಡಿ. ಹೈಪಾಥಿಸಿಸ್ ಟೆಸ್ಟಿಂಗ್ ಲೆಕ್ಕ ಬಂದ ಕೂಡಲೇ ಹೆಚ್ಚಿನವರ ಕಣ್ಣು n ಹುಡುಕುತ್ತದೆ. 30ಕ್ಕಿಂತ ಕಡಿಮೆಯಿದ್ದರೆ ಟಿ-ಟೆಸ್ಟ್, ಜಾಸ್ತಿಯಿದ್ದರೆ ಝಡ್-ಟೆಸ್ಟ್, ಟೇಬಲ್ ಕೊಟ್ಟಿದ್ದರೆ ಕೈ-ಸ್ಕ್ವೇರ್. ಹೀಗೆ ಮಾಡಿದರೂ ಅರ್ಧಕ್ಕರ್ಧ ಲೆಕ್ಕ ಸರಿಯಾಗುತ್ತವೆ. ತೊಂದರೆಯೂ ಅದೇ. ಉಳಿದರ್ಧ ಯಾಕೆ ತಪ್ಪಿತು ಅಂತ ಗೊತ್ತೇ ಆಗುವುದಿಲ್ಲ, ಏಕೆಂದರೆ ಸೂತ್ರ ಸರಿ, ಗುಣಾಕಾರ ಭಾಗಾಕಾರವೂ ಸರಿ. ತಪ್ಪಿದ್ದು ಓದಿನಲ್ಲಿ.

ನಾನು ಹೇಳಿಕೊಡುವಾಗ ಒಂದು ಅಭ್ಯಾಸ ಮಾಡಿಸುತ್ತೇನೆ. ಹಳೆಯ ಪತ್ರಿಕೆಯ ಪ್ರಶ್ನೆಯಲ್ಲಿರುವ ಅಂಕಿಗಳ ಮೇಲೆಲ್ಲ ಪೆನ್ಸಿಲ್‌ನಲ್ಲಿ ಗೀಟು ಎಳೆಯಿರಿ. ಬರೀ ಮಾತುಗಳನ್ನು ಓದಿ. ಕೊನೆಯ ಸಾಲಿನಿಂದ ಶುರು ಮಾಡಿ, ಆಮೇಲೆ ಮೇಲಿನದಕ್ಕೆ ಬನ್ನಿ. H0, H1, ಟೆಸ್ಟ್‌ನ ಹೆಸರು ಇಷ್ಟು ಬರೆಯಿರಿ. ಆಮೇಲಷ್ಟೇ ಅಂಕಿಗಳನ್ನು ನೋಡಿ. n ಎಷ್ಟು ಅನ್ನುವುದು ಕೊನೆಗೆ ಬರುವ ಪ್ರಶ್ನೆ, ಮೊದಲನೆಯದಲ್ಲ.

ಮೊದಲು: ಒಬ್ಬೊಬ್ಬರ ಮುಂದೆ ಏನು ಬರೆದುಕೊಂಡಿದ್ದಾರೆ?

ಮಾಹಿತಿ ಕಲೆಹಾಕಿದವನು ಒಂದು ನೋಟ್‌ಬುಕ್ ಹಿಡಿದು ನಿಂತಿದ್ದಾನೆ ಅಂದುಕೊಳ್ಳಿ. ಒಂದೊಂದು ಬೀಜದ, ಒಬ್ಬೊಬ್ಬ ವಿದ್ಯಾರ್ಥಿಯ ಮುಂದೆ ಅವನು ಏನು ಬರೆದ? ಅಳತೆ ಬರೆದಿದ್ದರೆ (ತೂಕ, ಅಂಕ, ವೇಗ) ಪ್ರಶ್ನೆ ಸರಾಸರಿಯದ್ದು ಅಥವಾ ಎಸ್.ಡಿ.ಯದ್ದು. ಹೌದು-ಇಲ್ಲ ಅಂತ ಬರೆದಿದ್ದರೆ ಅನುಪಾತದ್ದು. ಗುಂಪಿನ ಹೆಸರು ಬರೆದು, ಆಮೇಲೆ ಗುಂಪಿಗೆ ಎಷ್ಟು ಜನ ಅಂತ ಎಣಿಸಿದ್ದರೆ ಕೈ-ಸ್ಕ್ವೇರ್ ಕಡೆಗೆ ಹೋಗುತ್ತದೆ.

ಇಲ್ಲಿ ಜನರನ್ನು ದಾರಿ ತಪ್ಪಿಸುವುದು ಶೇಕಡಾ ಚಿಹ್ನೆ. "ವಿದ್ಯಾರ್ಥಿಗಳು ಸರಾಸರಿ ಶೇ 62 ಅಂಕ ಪಡೆದರು" ಅಂದರೆ ಅದು ಅನುಪಾತ ಅಲ್ಲ. ಒಬ್ಬೊಬ್ಬರ ಮುಂದೆಯೂ ಒಂದು ಅಂಕಿ ಇದೆ, ಅದರ ಸರಾಸರಿ 62, ಅಷ್ಟೇ. "ಶೇ 62ರಷ್ಟು ವಿದ್ಯಾರ್ಥಿಗಳು ಪಾಸಾದರು" ಅಂದರೆ ಅನುಪಾತ. ಎರಡು ವಾಕ್ಯದಲ್ಲೂ ಅದೇ 62, ಅದೇ ಶೇಕಡಾ. ನೋಟ್‌ಬುಕ್ ಮಾತ್ರ ಬೇರೆ.

ಅಳತೆಯ ಪ್ರಶ್ನೆಯಾದರೆ ಇನ್ನೊಂದು ಸಲ ಕೊನೆಯ ಸಾಲು ನೋಡಿ. ಎಸ್.ಡಿ. ಅನ್ನುವ ಪದ ಮಾಹಿತಿಯಲ್ಲಿ ಬಂದಿದೆಯೋ, ಪ್ರಶ್ನೆಯಲ್ಲೇ ಬಂದಿದೆಯೋ? "10 ಬೋಲ್ಟ್‌ಗಳ ಎಸ್.ಡಿ. 0.6 ಮಿ.ಮೀ. ಇದೆ. ಯಂತ್ರದ ಎಸ್.ಡಿ. 0.5ಕ್ಕಿಂತ ಹೆಚ್ಚಾಗಿದೆಯೇ?" ಇದು ಎಸ್.ಡಿ.ಯ ಬಗ್ಗೆಯೇ ಕೇಳಿದ ಪ್ರಶ್ನೆ. ಸರಾಸರಿಯ ಮಾತೇ ಇಲ್ಲ. ಹಾಗಾಗಿ ವೇರಿಯನ್ಸ್‌ನ ಕೈ-ಸ್ಕ್ವೇರ್ ಟೆಸ್ಟ್:

χ² = ns²/σ0² = 10 × 0.36 / 0.25 = 14.4

ಡಿ.ಎಫ್. 9, ಶೇ 5ರ ಮಟ್ಟದಲ್ಲಿ ಮೇಲಿನ ಬೆಲೆ 16.92. ಲೆಕ್ಕದ ಬೆಲೆ ಅದಕ್ಕಿಂತ ಕಡಿಮೆ, ಆದ್ದರಿಂದ H0 ಉಳಿಯುತ್ತದೆ. n ಸಣ್ಣದು ಅಂತ ನೋಡಿ ಇದಕ್ಕೂ ಟಿ ಹಾಕಲು ಹೊರಟವರಿದ್ದಾರೆ. ಆದರೆ μ ಎಲ್ಲಿದೆ? "ಒಂದೇ ಸಮ ಇದೆಯೇ", "ಏರುಪೇರು ಹೆಚ್ಚಾಗಿದೆಯೇ" ಎಂಬ ಮಾತುಗಳೂ ಇದೇ ಟೆಸ್ಟ್‌ನ ಗುರುತು.

ಎರಡು ಸಾಲು ಇದ್ದರೆ: ಅವು ಜೋಡಿಯೋ, ಬೇರೆ ಬೇರೆಯೋ?

ಇಡೀ ಪಾಠದಲ್ಲಿ ಹೆಚ್ಚು ಅಂಕ ಹೋಗುವುದು ಇಲ್ಲೇ. ನಾನೂ ವಿದ್ಯಾರ್ಥಿಯಾಗಿದ್ದಾಗ ಒಂದು ಪ್ರಿಪರೇಟರಿ ಪರೀಕ್ಷೆಯಲ್ಲಿ ಇದರಲ್ಲೇ ಐದು ಅಂಕ ಕಳೆದುಕೊಂಡಿದ್ದೆ. ಹಾಗಾಗಿ ಇದನ್ನು ನಿಧಾನವಾಗಿ ನೋಡೋಣ. ಹಳೆಯ ಪತ್ರಿಕೆಗಳ ಧಾಟಿಯಲ್ಲೇ ನಾನೊಂದು ಪ್ರಶ್ನೆ ಮಾಡಿದ್ದೇನೆ:

"8 ಟೈಪಿಂಗ್ ವಿದ್ಯಾರ್ಥಿಗಳ ವೇಗವನ್ನು (ನಿಮಿಷಕ್ಕೆ ಪದಗಳು) ಒಂದು ತರಬೇತಿಯ ಮೊದಲು ಮತ್ತು ನಂತರ ಅಳೆಯಲಾಯಿತು.

ಮೊದಲು: 40, 52, 35, 60, 47, 55, 38, 65
ನಂತರ: 43, 54, 40, 59, 51, 61, 39, 69

ತರಬೇತಿಯಿಂದ ವೇಗ ಹೆಚ್ಚಾಗಿದೆಯೇ? ಶೇ 5ರ ಮಟ್ಟದಲ್ಲಿ ಪರೀಕ್ಷಿಸಿ."

ಎರಡು ಸಾಲು, ಎರಡು ಸರಾಸರಿ (49 ಮತ್ತು 52), ಸಣ್ಣ n. ಕೈ ತಾನಾಗಿಯೇ ಎರಡು ಸರಾಸರಿಗಳ ಟಿ-ಟೆಸ್ಟ್ ಕಡೆಗೆ ಹೋಗುತ್ತದೆ, ಅಲ್ವಾ? ಹಾಗೇ ಮಾಡಿ ನೋಡೋಣ. ಮೊದಲ ಸಾಲಿನ ವೇರಿಯನ್ಸ್ 103, ಎರಡನೆಯದರದ್ದು 102.25.

t = (52 − 49) / √[ (8×103 + 8×102.25)/14 × (1/8 + 1/8) ] = 3 / 5.41 = 0.55

ಡಿ.ಎಫ್. 14ಕ್ಕೆ ಟೇಬಲ್ ಬೆಲೆ 1.76. ನಮ್ಮ 0.55 ಅದರ ಹತ್ತಿರವೂ ಇಲ್ಲ. ತರಬೇತಿಯಿಂದ ಪ್ರಯೋಜನ ಕಾಣಲಿಲ್ಲ ಅಂತ ಬರೆದು ಮುಗಿಸಿಬಿಡುತ್ತೇವೆ.

ಈಗ ಒಬ್ಬೊಬ್ಬ ವಿದ್ಯಾರ್ಥಿಯನ್ನೇ ನೋಡಿ. ಮೊದಲನೆಯವರು 40ರಿಂದ 43ಕ್ಕೆ ಬಂದರು, ಎರಡನೆಯವರು 52ರಿಂದ 54ಕ್ಕೆ. ನಂತರದ ವೇಗದಿಂದ ಮೊದಲಿನದನ್ನು ಕಳೆದರೆ d = 3, 2, 5, −1, 4, 6, 1, 4. ಎಂಟರಲ್ಲಿ ಏಳು ಜನ ಮುಂದೆ ಹೋಗಿದ್ದಾರೆ. ಮೊತ್ತ 24, ಸರಾಸರಿ 3. ವರ್ಗಗಳ ಮೊತ್ತ 108.

s_d² = 108/8 − 3² = 4.5, ಅಂದರೆ s_d = 2.12
t = 3 / (2.12/√7) = 3.74

ಡಿ.ಎಫ್. 7ಕ್ಕೆ ಒಂದು ಬದಿಯ ಟೇಬಲ್ ಬೆಲೆ 1.90. H0 ಬಿದ್ದುಹೋಯಿತು. ಶೇ 1ರ ಮಟ್ಟದ 3.00 ಇಟ್ಟರೂ ಬೀಳುತ್ತದೆ.

ಅದೇ ಹದಿನಾರು ಅಂಕಿಗಳು, ಅದೇ 3 ಪದಗಳ ಅಂತರ. ಒಂದು ಕಡೆ 0.55, ಇನ್ನೊಂದು ಕಡೆ 3.74. ಯಾಕೆ ಹೀಗೆ? ವಿದ್ಯಾರ್ಥಿಗಳ ನಡುವಿನ ವ್ಯತ್ಯಾಸ ತುಂಬಾ ದೊಡ್ಡದು. ಒಬ್ಬರದು 35, ಇನ್ನೊಬ್ಬರದು 65. ಮೊದಲ ವಿಧಾನದಲ್ಲಿ ಈ ದೊಡ್ಡ ಏರುಪೇರು ಛೇದದಲ್ಲಿ ಕೂತು 3 ಪದಗಳ ಲಾಭವನ್ನು ನುಂಗಿಹಾಕುತ್ತದೆ. ಎರಡನೆಯದರಲ್ಲಿ ಒಬ್ಬೊಬ್ಬರನ್ನು ಅವರ ಜೊತೆಗೇ ಹೋಲಿಸುತ್ತೇವೆ. ಯಾರು ಮೊದಲಿಂದಲೂ ಜೋರು, ಯಾರು ನಿಧಾನ ಅನ್ನುವುದು ಕಳೆಯುವಾಗಲೇ ಹೋಗಿಬಿಡುತ್ತದೆ.

ಹಾಗಾದರೆ ಮಾತಿನಲ್ಲಿ ಗುರುತು ಹಿಡಿಯುವುದು ಹೇಗೆ? "ಮೊದಲು ಮತ್ತು ನಂತರ" ಅಂತ ಇದ್ದರೆ ಸುಲಭ. ಆದರೆ ಜೋಡಿ ಯಾವಾಗಲೂ ಆ ವೇಷದಲ್ಲಿ ಬರುವುದಿಲ್ಲ. ಒಂದೇ ಹೊಲದ ಅಕ್ಕಪಕ್ಕದ ಎರಡು ಮಡಿಗಳಿಗೆ ಎರಡು ಗೊಬ್ಬರ ಹಾಕಿರಬಹುದು. ಅವಳಿ ಮಕ್ಕಳಿರಬಹುದು. ಒಂದೇ ಮಾದರಿಯನ್ನು ಎರಡು ತಕ್ಕಡಿಯಲ್ಲಿ ತೂಗಿರಬಹುದು. ಇವೆಲ್ಲಕ್ಕೂ ನಡೆಯುವ ಒಂದು ಪರೀಕ್ಷೆ ಇದೆ. ಎರಡನೆಯ ಸಾಲಿನ ಅಂಕಿಗಳನ್ನು ಮನಸ್ಸಿನಲ್ಲೇ ಕಲಸಿಬಿಡಿ, ಹಿಂದುಮುಂದಾಗಿ ಇಡಿ. ಏನಾದರೂ ಕೆಟ್ಟಿತೇ? ಟೈಪಿಂಗ್ ಲೆಕ್ಕದಲ್ಲಿ ಹಾಗೆ ಕಲಸಿದರೆ ಯಾರ ವೇಗ ಎಷ್ಟು ಏರಿತು ಅನ್ನುವುದೇ ಕಳೆದುಹೋಗುತ್ತದೆ. ಅಂದರೆ ಜೋಡಿ. "ಎ ಬ್ಯಾಚ್‌ನ 8 ಜನ, ಬಿ ಬ್ಯಾಚ್‌ನ 8 ಜನ" ಅಂತ ಇದ್ದಿದ್ದರೆ ಹೇಗೆ ಕಲಸಿದರೂ ನಷ್ಟವಿಲ್ಲ. ಅಂದರೆ ಬೇರೆ ಬೇರೆ.

ಎರಡೂ ಸಾಲಿನಲ್ಲಿ n ಒಂದೇ ಇದೆ ಅನ್ನುವುದು ಜೋಡಿಗೆ ಸಾಕ್ಷಿಯಲ್ಲ. n ಬೇರೆ ಬೇರೆ ಇದ್ದರೆ ಮಾತ್ರ ಖಂಡಿತ ಜೋಡಿಯಲ್ಲ ಅಂತ ಹೇಳಬಹುದು. ಮತ್ತೆ, d ಯಾವ ಕಡೆಯಿಂದ ಕಳೆದಿರಿ ಅನ್ನುವುದನ್ನು ಉತ್ತರದಲ್ಲಿ ಬರೆಯಿರಿ. "ಮೊದಲು − ನಂತರ" ಅಂತ ಕಳೆದರೆ t = −3.74 ಬರುತ್ತದೆ, ಆಗ H1ರ ಚಿಹ್ನೆಯೂ ತಿರುಗಬೇಕು. ಚಿಹ್ನೆ ತಿರುಗಿಸದೆ −3.74 ಅನ್ನು 1.90ರ ಜೊತೆ ಹೋಲಿಸಿ "ಕಡಿಮೆ ಇದೆ, H0 ಒಪ್ಪಿದೆ" ಅಂತ ಬರೆದ ಉತ್ತರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ n ನೋಡಬಹುದು

ಸರಾಸರಿಯ ಪ್ರಶ್ನೆ, ಒಂದೇ ಗುಂಪು ಅಂತ ಖಚಿತವಾದ ಮೇಲೆ ಝಡ್ ಅಥವಾ ಟಿ ಆರಿಸಬೇಕು. ಇಲ್ಲಿ n ಎಷ್ಟು ಅನ್ನುವುದಕ್ಕಿಂತ ಮೊದಲು, ಎಸ್.ಡಿ. ಯಾರದ್ದು ಅಂತ ಕೇಳಿ. "ಪಾಪ್ಯುಲೇಶನ್ ಎಸ್.ಡಿ. 4 ಎಂದು ತಿಳಿದಿದೆ" ಅಂತ ಇದ್ದು, ಆ ಅಳತೆ ನಾರ್ಮಲ್ ಆಗಿದ್ದರೆ n ಬರೀ 10 ಇದ್ದರೂ ಝಡ್. σ ಗೊತ್ತಿಲ್ಲದೆ, ಕೈಯಲ್ಲಿರುವ ನಾಲ್ಕಾರು ಅಂಕಿಗಳಿಂದಲೇ ಅದನ್ನು ಅಂದಾಜು ಮಾಡಬೇಕಾದಾಗ ಬರುವ ಅನುಮಾನಕ್ಕಾಗಿಯೇ ಟಿ ಹುಟ್ಟಿದ್ದು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ ಅದನ್ನು 1908ರಲ್ಲಿ ಪ್ರಕಟಿಸಿದ್ದು "ಸ್ಟೂಡೆಂಟ್" ಅನ್ನುವ ಗುಪ್ತನಾಮದಲ್ಲಿ. ಸ್ಟೂಡೆಂಟ್ಸ್ ಟಿ ಅನ್ನುವ ಹೆಸರು ಬಂದಿದ್ದು ಅಲ್ಲಿಂದ. ನಮ್ಮ ಸ್ಟೂಡೆಂಟ್ಸ್‌ಗೆ ಕಷ್ಟ ಕೊಡಲಿ ಅಂತ ಇಟ್ಟಿದ್ದಲ್ಲ.

ಒಂದು ಲೆಕ್ಕ ನೋಡೋಣ. "10 ಹಾಲಿನ ಪ್ಯಾಕೆಟ್‌ಗಳ ಸರಾಸರಿ 497 ಮಿ.ಲೀ., ಎಸ್.ಡಿ. 4 ಮಿ.ಲೀ. ಪ್ಯಾಕೆಟ್‌ನ ಸರಾಸರಿ ಪ್ರಮಾಣ 500 ಮಿ.ಲೀ. ಎಂದು ಒಪ್ಪಬಹುದೇ?" ಎಸ್.ಡಿ. ಆ ಹತ್ತು ಪ್ಯಾಕೆಟ್‌ಗಳದ್ದು, n ಸಣ್ಣದು, ಹಾಗಾಗಿ ಟಿ:

t = (497 − 500) / (4/√9) = −2.25

"500 ಎಂದು ಒಪ್ಪಬಹುದೇ" ಅನ್ನುವ ಮಾತಿನಲ್ಲಿ ಹೆಚ್ಚು ಕಡಿಮೆ ಅನ್ನುವ ದಿಕ್ಕಿಲ್ಲ. ಆದ್ದರಿಂದ ಎರಡೂ ಬದಿ. ಡಿ.ಎಫ್. 9ಕ್ಕೆ ಶೇ 5ರ ಬೆಲೆ ±2.26. ನಮ್ಮದು 2.25. ಕೂದಲೆಳೆಯಷ್ಟು ಒಳಗಿದೆ, H0 ಉಳಿಯಿತು.

ಪ್ರಶ್ನೆಯ ಕೊನೆಯ ಸಾಲನ್ನಷ್ಟೇ ಬದಲಿಸಿ. "ಪ್ಯಾಕೆಟ್‌ಗಳಲ್ಲಿ 500 ಮಿ.ಲೀ.ಗಿಂತ ಕಡಿಮೆ ಹಾಲು ಇದೆಯೇ?" ಈಗ ಒಂದೇ ಬದಿ, ಎಡಗಡೆ. ಬೆಲೆ −1.83. ಅದೇ −2.25 ಈಗ ಹೊರಗೆ ಬಿತ್ತು, H0 ತಿರಸ್ಕೃತ.

ಇನ್ನೊಂದು ಸೂಕ್ಷ್ಮ ಇದರಲ್ಲೇ ಇದೆ. ಛೇದದಲ್ಲಿ √9 ಯಾಕೆ ಹಾಕಿದೆ, √10 ಯಾಕಲ್ಲ? ಪಿಯುಸಿಯಲ್ಲಿ s ಲೆಕ್ಕ ಮಾಡುವಾಗ n ನಿಂದ ಭಾಗಿಸುವ ಪದ್ಧತಿ, ಹಾಗಾಗಿ ಟಿ-ಟೆಸ್ಟ್‌ನಲ್ಲಿ √(n−1). ಪದವಿಯ ಪುಸ್ತಕಗಳಲ್ಲಿ, ಕಂಪ್ಯೂಟರ್ ಪ್ಯಾಕೇಜುಗಳಲ್ಲಿ ಸಾಮಾನ್ಯವಾಗಿ s ಲೆಕ್ಕ ಮಾಡುವಾಗಲೇ n−1ನಿಂದ ಭಾಗಿಸಿರುತ್ತಾರೆ, ಆಗ √n. ಎರಡೂ ಸರಿ, ಕಚ್ಚಾ ಅಂಕಿಗಳಿಂದ ಶುರು ಮಾಡಿದರೆ ಉತ್ತರ ಒಂದೇ. ಅರ್ಧ ಇಲ್ಲಿಂದ ಅರ್ಧ ಅಲ್ಲಿಂದ ತೆಗೆದುಕೊಂಡರೆ ಮಾತ್ರ ಅನಾಹುತ. ಮೇಲಿನ ಲೆಕ್ಕದಲ್ಲಿ √10 ಹಾಕಿದರೆ t = −2.37 ಆಗಿ ಎರಡು ಬದಿಯ ಟೆಸ್ಟ್‌ನಲ್ಲೂ H0 ಬಿದ್ದುಹೋಗುತ್ತದೆ. ನಿಮ್ಮ ಕ್ಯಾಲ್ಕುಲೇಟರ್‌ನ ಎಸ್.ಡಿ. ಬಟನ್ ಯಾವುದರಿಂದ ಭಾಗಿಸುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ. 1, 2, 3 ಕೊಟ್ಟಾಗ 1 ಬಂದರೆ n−1, 0.816 ಬಂದರೆ n.

"ಕನಿಷ್ಠ" ಅನ್ನುವ ಪದದ ಆಟ

ದಿಕ್ಕು ಹೇಳುವ ಪದಗಳಲ್ಲಿ "ಹೆಚ್ಚಾಗಿದೆಯೇ", "ಕಡಿಮೆಯಾಗಿದೆಯೇ", "ಸುಧಾರಿಸಿದೆಯೇ" ಇವು ನೇರ. ಪ್ರಶ್ನೆಯೇ H1 ಹೇಳಿಬಿಡುತ್ತದೆ. ತೊಡಕಿರುವುದು "ಕನಿಷ್ಠ", "ಹೆಚ್ಚೆಂದರೆ" ಅನ್ನುವುದರಲ್ಲಿ. "ಕನಿಷ್ಠ ಶೇ 90ರಷ್ಟು ಬೀಜ ಮೊಳೆಯುತ್ತವೆ ಎಂದು ಕಂಪನಿ ಹೇಳುತ್ತದೆ. 200 ಬೀಜಗಳಲ್ಲಿ 170 ಮೊಳೆತವು. ಹೇಳಿಕೆಯನ್ನು ಶೇ 1ರ ಮಟ್ಟದಲ್ಲಿ ಪರೀಕ್ಷಿಸಿ."

ಕನಿಷ್ಠ ಅಂದರೆ 90 ಅಥವಾ ಹೆಚ್ಚು. ಅದರಲ್ಲಿ "ಸಮ" ಸೇರಿದೆ, ಆದ್ದರಿಂದ ಅದು H0 ಕಡೆಗೆ ಹೋಗಬೇಕು. ಶೇ 97 ಮೊಳೆತರೆ ಯಾವ ರೈತರೂ ಜಗಳಕ್ಕೆ ಹೋಗುವುದಿಲ್ಲ. ಹೇಳಿಕೆ ಸುಳ್ಳಾಗುವುದು ಕಡಿಮೆ ಮೊಳೆತರೆ ಮಾತ್ರ. ಹಾಗಾಗಿ H1: P < 0.9, ಎಡಬದಿ. ಹಾಳೆಯ ಮೇಲೆ "ಕನಿಷ್ಠ" ಕಂಡ ತಕ್ಷಣ > ಚಿಹ್ನೆ ಹಾಕಿದವರ ಲೆಕ್ಕ ತಲೆಕೆಳಗಾಗುವುದು ಇಲ್ಲೇ.

z = (0.85 − 0.90) / √(0.9 × 0.1 / 200) = −0.05 / 0.0212 = −2.36

ಎಡಬದಿಯ ಶೇ 1ರ ಬೆಲೆ −2.33. ಹೇಳಿಕೆ ನಿಲ್ಲಲಿಲ್ಲ. ಎರಡು ಬದಿ ಅಂದುಕೊಂಡು 2.58 ಜೊತೆ ಹೋಲಿಸಿದ್ದರೆ ನಿಂತುಬಿಡುತ್ತಿತ್ತು. ವರ್ಗಮೂಲದ ಒಳಗೆ 0.9 ಇದೆ, 0.85 ಅಲ್ಲ ಅನ್ನುವುದನ್ನೂ ಗಮನಿಸಿ. H0 ನಿಜ ಅಂದುಕೊಂಡೇ ಲೆಕ್ಕ ಮಾಡುತ್ತಿದ್ದೇವೆ, ಹಾಗಾಗಿ H0ದ ಅನುಪಾತವೇ ಬೇಕು. 0.85 ಹಾಕಿದರೆ z = −1.98 ಬಂದು ತೀರ್ಮಾನ ಮತ್ತೆ ತಿರುಗುತ್ತದೆ.

ಎಣಿಕೆಯ ಟೇಬಲ್ ಬಂದಾಗ

100 ಗಂಡಸರಲ್ಲಿ 60 ಜನ, 100 ಹೆಂಗಸರಲ್ಲಿ 45 ಜನ ಟೀ ಕುಡಿಯುತ್ತಾರೆ ಅಂದುಕೊಳ್ಳಿ. ಇದನ್ನು ಎರಡು ಥರ ಕೇಳಬಹುದು. "ಎರಡು ಅನುಪಾತಗಳಲ್ಲಿ ಗಮನಾರ್ಹ ವ್ಯತ್ಯಾಸವಿದೆಯೇ?" ಅಂದರೆ ಝಡ್. "ಟೀ ಅಭ್ಯಾಸಕ್ಕೂ ಲಿಂಗಕ್ಕೂ ಸಂಬಂಧವಿದೆಯೇ?" ಅಂದರೆ 2×2 ಕೈ-ಸ್ಕ್ವೇರ್. ಎರಡೂ ಮಾಡಿ ನೋಡಿದರೆ z = 2.124, χ² = 4.51. ಮೊದಲನೆಯದರ ವರ್ಗವೇ ಎರಡನೆಯದು. ಟೇಬಲ್ ಬೆಲೆಯೂ ಹಾಗೇ, 1.96ರ ವರ್ಗ 3.84. ಅಂದರೆ ಒಳಗೆ ಒಂದೇ ಟೆಸ್ಟ್. ಆದರೂ ಯಾವ ಮಾತಿನಲ್ಲಿ ಕೇಳಿದ್ದಾರೋ ಅದರಲ್ಲೇ H0 ಬರೆಯಿರಿ.

"ಗಂಡಸರಲ್ಲಿ ಅನುಪಾತ ಹೆಚ್ಚಾಗಿದೆಯೇ?" ಅಂತ ಕೇಳಿದರೆ ಮಾತ್ರ ಆಯ್ಕೆಯೇ ಇಲ್ಲ, ಝಡ್ ಮಾಡಲೇಬೇಕು. ವರ್ಗ ಮಾಡಿದ ಮೇಲೆ ಪ್ಲಸ್-ಮೈನಸ್ ಉಳಿಯುವುದಿಲ್ಲವಲ್ಲ, ಹಾಗಾಗಿ ಯಾರದ್ದು ಹೆಚ್ಚು ಅನ್ನುವುದು ಕೈ-ಸ್ಕ್ವೇರ್‌ಗೆ ಕಾಣುವುದಿಲ್ಲ.

ಟೇಬಲ್ ಒಂದೇ ಸಾಲಿನದ್ದಾದರೆ ಗುಡ್‌ನೆಸ್ ಆಫ್ ಫಿಟ್. ಇಲ್ಲಿ ಒಂದು ಪದ ಡಿ.ಎಫ್. ಬದಲಿಸುತ್ತದೆ. ನಾಲ್ಕು ನಾಣ್ಯಗಳನ್ನು 160 ಸಲ ಚಿಮ್ಮಿ 0, 1, 2, 3, 4 ಹೆಡ್ ಎಷ್ಟೆಷ್ಟು ಸಲ ಬಂತು ಅಂತ ಕೊಟ್ಟಿದ್ದಾರೆ. "ನಾಣ್ಯಗಳು ಪಕ್ಷಪಾತರಹಿತ ಎಂದು ಭಾವಿಸಿ" ಅಂತ ಇದ್ದರೆ p = 1/2 ಅವರೇ ಕೊಟ್ಟ ಹಾಗಾಯಿತು. ನಿರೀಕ್ಷಿತ ಎಣಿಕೆಗಳು 10, 40, 60, 40, 10. ಡಿ.ಎಫ್. 5 − 1 = 4, ಶೇ 5ರ ಬೆಲೆ 9.49. ಆ ಮಾತಿಲ್ಲದೆ ಸುಮ್ನೆ "ಬೈನಾಮಿಯಲ್ ವಿತರಣೆ ಹೊಂದಿಸಿ ಪರೀಕ್ಷಿಸಿ" ಅಂತ ಇದ್ದರೆ p ಅನ್ನು ಕೊಟ್ಟ ಅಂಕಿಗಳ ಸರಾಸರಿಯಿಂದ ನೀವೇ ತೆಗೆಯಬೇಕು. ಹಾಗೆ ತೆಗೆದಿದ್ದಕ್ಕೆ ಇನ್ನೊಂದು ಡಿ.ಎಫ್. ಹೋಗುತ್ತದೆ, ಉಳಿಯುವುದು 3, ಬೆಲೆ 7.81. ಲೆಕ್ಕದ ಬೆಲೆ 8.6 ಬಂದರೆ ಒಂದು ಓದಿನಲ್ಲಿ ಹೊಂದುತ್ತದೆ, ಇನ್ನೊಂದರಲ್ಲಿ ಹೊಂದುವುದಿಲ್ಲ. ಜೊತೆಗೆ ಯಾವುದಾದರೂ ನಿರೀಕ್ಷಿತ ಎಣಿಕೆ 5ಕ್ಕಿಂತ ಕಡಿಮೆ ಬಂದರೆ ಅದನ್ನು ಪಕ್ಕದ ಮನೆಯ ಜೊತೆ ಸೇರಿಸಿ. ಡಿ.ಎಫ್. ಎಣಿಸುವುದು ಸೇರಿಸಿದ ಮೇಲೆ ಉಳಿದ ಮನೆಗಳನ್ನು. ನೋಡಬೇಕಾದದ್ದು ನಿರೀಕ್ಷಿತ ಎಣಿಕೆ, ನಿಜವಾಗಿ ಬಂದ ಎಣಿಕೆಯಲ್ಲ. ಬಂದ ಎಣಿಕೆ 3 ಇದ್ದರೂ ನಿರೀಕ್ಷಿತ 10 ಇದ್ದರೆ ಆ ಮನೆಯನ್ನು ಮುಟ್ಟಬೇಡಿ.